ಬಚ್ಚಲ ಗೋಡೆಯ ಬಗ್ಗೆ ಒಂದು ಮೆಸೇಜು

ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿಯ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ನಾನು ಜನರ ಅರ್ಜಿಗಳನ್ನು ಟೈಪು ಮಾಡುತ್ತೇನೆ. ಗಂಡಸಿಯಿಂದಲೋ ಕಣಕಟ್ಟೆಯಿಂದಲೋ ಬಸ್ಸಿಳಿದು ಬರುವವರು ಬೆಂಚಿನ ಮೇಲೆ ಕೂರುವ ಮೊದಲೇ ಬೈಯಲು ಶುರು ಮಾಡಿರುತ್ತಾರೆ. ಪಕ್ಕದ ಜಮೀನಿನವನನ್ನು, ದಾಯಾದಿಯನ್ನು, ಕಾಗದ ಕೊಡದೆ ಸತಾಯಿಸುವ ಗುಮಾಸ್ತನನ್ನು. ನಾನು ಎಲ್ಲವನ್ನೂ ಕೇಳಿಸಿಕೊಂಡು ಅದರೊಳಗಿನ ಸಂಗತಿಯನ್ನಷ್ಟೇ ಹೆಕ್ಕಿ ಬರೆಯುತ್ತೇನೆ. ಏನಾಯಿತು, ಏನಾಗಬೇಕು, ಯಾವಾಗ ಆಗಬೇಕು, ಅಷ್ಟೇ. ಬೈಗುಳ ಬರೆದರೆ ಓದುವವರು ಬೈಗುಳಕ್ಕೆ ಉತ್ತರ ಕೊಡುತ್ತಾರೆ, ನಿಮ್ಮ ಕೆಲಸ ಅಲ್ಲೇ ಉಳಿಯುತ್ತದೆ ಎಂದು ಬುದ್ಧಿ ಬೇರೆ ಹೇಳುತ್ತೇನೆ. ಪ್ರಿಂಟ್ ತೆಗೆಯುವ ಮುಂಚೆ ಬರೆದಿದ್ದನ್ನು ಗಟ್ಟಿಯಾಗಿ ಓದುವುದು ನನ್ನ ಪದ್ಧತಿ. ಯಾರ ಹೆಸರಲ್ಲಿ ಹೋಗುತ್ತದೋ ಅವರ ಕಿವಿಗೆ ಅದು ಮೊದಲು ಬೀಳಬೇಕು.

ಇಷ್ಟು ಬುದ್ಧಿವಂತೆಯಾದ ನಾನು ನಮ್ಮ ಮನೆ ಮಾಲೀಕರಿಗೆ ಬರೆದ ಮೆಸೇಜಿನ ಕತೆ ಇದು. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಮಾಲೀಕರು ಕೊಬ್ಬರಿ ವ್ಯಾಪಾರಿಗಳು. ನಮ್ಮತ್ತೆಯ ತವರಿನ ಕಡೆಯವರು, ನಾವೂ ಅವರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಹೀಗಾಗಿ ಬಾಡಿಗೆ ಮನೆಗೆ ಕರಾರುಪತ್ರ ಅಂತ ಏನೂ ಆಗಿಲ್ಲ, ಎಲ್ಲ ಬಾಯಿಮಾತು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅಣ್ಣ ಎಂದು ಕರೆದ ಮೇಲೆ ನಲ್ಲಿ ಸೋರುತ್ತದೆ ಎಂದು ಜೋರು ಮಾಡುವುದು ಹೇಗೆ? ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪು ಎಲ್ಲೋ ಒಡೆದು ಬಚ್ಚಲ ಗೋಡೆಯೊಳಗೆ ನೀರು ಇಳಿಯುತ್ತಿತ್ತು. ಸುಣ್ಣ ಉಬ್ಬಿ ಉದುರುತ್ತಿತ್ತು. ನಾನು 'ಅಣ್ಣ, ಬಿಡುವಾದಾಗ ಸ್ವಲ್ಪ ಬಚ್ಚಲ ಕಡೆ ನೋಡಿ' ಎಂದು ಬರೆದು ಕೈಮುಗಿದ ಚಿತ್ರ ಹಾಕುತ್ತಿದ್ದೆ. ಅವರು 'ಆಯ್ತವ್ವ, ಆಳು ಕಳಿಸ್ತೀನಿ' ಎಂದು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುತ್ತಿದ್ದರು, ಅವರಿಗೆ ಟೈಪು ಮಾಡುವುದು ಬೇಜಾರು. ಸಂಜೆ ಬಂದು ನೋಡಿದರೆ ಗೋಡೆ ಹಾಗೇ ಇರುತ್ತಿತ್ತು. ಬಚ್ಚಲು ನಾರತೊಡಗಿತು. ಫಿನಾಯಿಲ್ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ನಾತ ಗೋಡೆಯ ತೇವದ್ದೇ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಮಳೆಗಾಲದ ಒಂದು ಶನಿವಾರ ಸಂಜೆ ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮೊಣಕೈ ಊದಿ ನೀಲಿಗಟ್ಟಿತ್ತು. ಒದ್ದೆ ಕೈಯಲ್ಲಿ ಗೀಸರಿನ ಸ್ವಿಚ್ಚು ಮುಟ್ಟಿದ್ದಾರೆ, ಕರೆಂಟು ಹೊಡೆದಿದೆ, ಹಿಂದಕ್ಕೆ ಬಿದ್ದಿದ್ದಾರೆ. ತೇವ ಸ್ವಿಚ್ ಬೋರ್ಡಿನೊಳಗೂ ಇಳಿದಿತ್ತು. "ಏನೂ ಆಗಿಲ್ಲ ಕಣವ್ವ, ಒಂದೀಟು ಜುಂ ಅಂತು" ಎಂದರು. ಮೊದಲು ಮೇನ್ ಸ್ವಿಚ್ ಆರಿಸಿದೆ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ನನಗೆ ಸಿಟ್ಟು ಬರಲು ಪುರುಸೊತ್ತಾಗಿದ್ದು. ನನ್ನ ಗಂಡ ಬೇಲೂರು ಬಸ್ಸಿನ ಕಂಡಕ್ಟರು. ಫೋನು ಮಾಡಿದರೆ ಹಳೇಬೀಡಿನ ಸ್ಟಾಪಿನಲ್ಲಿ ಜನ ಹತ್ತಿಸುವ ಗಲಾಟೆಯ ನಡುವೆ, "ನೀನೇ ಬರ್ದಾಕು, ನಿಂಗೆ ಬರುತ್ತಲ್ಲ" ಎಂದರು.

ಬರೆದೆ. ಭಾನುವಾರ ಬೆಳಗ್ಗೆ, ಒಲೆಯ ಮೇಲೆ ಸ್ನಾನದ ನೀರು ಕಾಯಲು ಇಟ್ಟು, ಅಡುಗೆಮನೆಯಲ್ಲೇ ನಿಂತು ಬರೆದೆ. 'ನಿಮಗೆ ಬಾಡಿಗೆ ಮಾತ್ರ ಬೇಕು, ಬಾಡಿಗೆಗಿರುವವರು ಸತ್ತರೂ ಪರವಾಗಿಲ್ಲ. ಆಳು ಕಳಿಸ್ತೀನಿ ಅಂತ ಎಷ್ಟು ಸಲ ಸುಳ್ಳು ಹೇಳಿದಿರಿ? ಒಬ್ಬ ನರಪಿಳ್ಳೆಯೂ ಬಂದಿಲ್ಲ. ಮಠದ ದಾಸೋಹಕ್ಕೆ ಮೂಟೆ ಮೂಟೆ ಅಕ್ಕಿ ಕೊಟ್ಟು ಹೆಸರು ಕೂಗಿಸಿಕೊಂಡರೆ ಪುಣ್ಯ ಬರಲ್ಲ. ನಿಮ್ಮ ಬಚ್ಚಲು ಗಬ್ಬು ನಾರುತ್ತಿದೆ, ಹಂದಿಗೂಡಾದರೂ ವಾಸಿ. ಮೂಗಿರೋ ಮನುಷ್ಯರು ಯಾರೂ ಅದರೊಳಗೆ ಕಾಲಿಡಲ್ಲ.' ಬರೆಯುತ್ತಾ ಬರೆಯುತ್ತಾ ಎಂಥ ಖುಷಿ! ಬೇರೆಯವರ ಸಿಟ್ಟನ್ನು ಇಷ್ಟು ವರ್ಷ ಸೋಸಿ ಸೋಸಿ ಕೊಟ್ಟವಳಿಗೆ ನನ್ನ ಸಿಟ್ಟನ್ನು ಸೋಸದೆ ಸುರಿಯುವ ಸುಖ ಗೊತ್ತೇ ಇರಲಿಲ್ಲ.

ಆದರೆ ಅಭ್ಯಾಸ ಬಿಡಬೇಕಲ್ಲ. ಪೆಟ್ಟು ತಿಂದವರು ಅತ್ತೆ, ಅವರ ಕಿವಿಗೆ ಹಾಕದೆ ಕಳಿಸುವುದು ಹೇಗೆ? ಲಿಂಗಪೂಜೆ ಮುಗಿಸಿ ಎದ್ದವರನ್ನು ಕೂರಿಸಿ ಗಟ್ಟಿಯಾಗಿ ಓದಿದೆ. ಓದಿದೆ ಎಂದರೆ ನಾಟಕದವರ ಹಾಗೆ ಓದಿದೆ. ಹಂದಿಗೂಡು ಎನ್ನುವಾಗ ದನಿ ಏರಿಸಿದೆ, ಅವರು ನಗುತ್ತಾರೆ ಎಂದುಕೊಂಡಿದ್ದೆ.

ಅತ್ತೆ ನಗಲಿಲ್ಲ. ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡು, "ಇದ್ನ ಕಳಿಸ್ಬ್ಯಾಡ ಕಣವ್ವ" ಎಂದರು.

"ಯಾಕೆ? ನಿಮ್ಮ ಕಡೆಯೋರು ಅಂತಲಾ? ಕರೆಂಟು ಹೊಡೆದಾಗ ಅದು ನೋಡುತ್ತಾ ಅತ್ತೆ, ಯಾರ ಕಡೆಯೋರು ಅಂತ?"

"ಅಂಗಲ್ಲ. ಮಠದ್ ಮಾತು ಬ್ಯಾಡ."

ಸರಿ ಎಂದು ಮಠದ ಸಾಲು ಅಳಿಸಿದೆ. ಅಳಿಸಿದ ಮೇಲೆ ಉಳಿದದ್ದು ನನಗೇ ಅಸಹ್ಯವಾಗಿ ಕಂಡಿತು. ಎಲ್ಲ ಕಿತ್ತುಹಾಕಿ ಹೊಸದಾಗಿ ಶುರು ಮಾಡಿದೆ. ಈಗ ಅಂಗಡಿಯ ಕೈ ಬಂತು. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ.' ಓದಿದ್ದಕ್ಕೆ ಅತ್ತೆ, "ಅವನೇನು ತಹಸೀಲ್ದಾರ್ನಾ? ಇಂಗೆ ಕಾಲಿಗೆ ಬಿದ್ರೆ ಯಾವನ್ ರಿಪೇರಿ ಮಾಡುಸ್ತಾನೆ?" ಎಂದರು. ಅದೂ ನಿಜ. ಒಂದು ಸಲ ಕಾಲು ಹಿಡಿಯುವುದು, ಇನ್ನೊಂದು ಸಲ ಜುಟ್ಟು ಹಿಡಿಯುವುದು. ಎದುರಿಗೆ ನಿಂತು ಮಾತಾಡುವುದನ್ನು ನಾನು ಜನರಿಗೆ ಟೈಪು ಮಾಡಿ ಕೊಟ್ಟಿದ್ದೆನೇ ಹೊರತು ನಾನು ಕಲಿತಿರಲಿಲ್ಲ.

ಮೂರನೆಯ ಸಲ ಸಂಗತಿಯಷ್ಟೇ ಬರೆಯಲು ಹೊರಟೆ. ನಿನ್ನೆ ಆದದ್ದು ಬರೆದೆ. 'ನೀವು ಹೇಳಿದ ಆಳು ಒಮ್ಮೆಯೂ ಬಂದಿಲ್ಲ' ಎಂದು ಬರೆದೆ. 'ಬಚ್ಚಲಲ್ಲಿ ತೇವದಿಂದ ಕೆಟ್ಟ ವಾಸನೆ ಇದೆ' ಎಂದು ಬರೆದೆ. ಹಂದಿ ಹೋಗಿ ಬರೀ ವಾಸನೆ ಉಳಿದಿತ್ತು, ಸಭ್ಯವಾಗಿಯೇ ಇತ್ತು. ಓದಿದೆ.

"ಆ ಕೊನೇ ಎರಡು ಸಾಲು ತೆಗ್ದಾಕು."

"ಯಾಕತ್ತೆ? ಇದ್ದಿದ್ದೇ ತಾನೇ ಬರೆದಿರೋದು?"

ಅವರು ಮೊಣಕೈಯ ಊತವನ್ನು ಸವರಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಆಳು ಬಂದಿದ್ದ" ಎಂದರು. "ಎರಡ್ ಸತಿ ಬಂದಿದ್ದ. ನೀನು ಅಂಗ್ಡಿಗೆ ಹೋಗಿದ್ದೆ. ಪೂಜೆಲಿದೀನಿ, ಆಮ್ಯಾಕೆ ಬಾರಪ್ಪ ಅಂತ ಕಿಟಕೀಲೇ ಕಳ್ಸಿದೆ."

ನನಗೆ ಮೈ ಉರಿಯಿತು. "ಪೂಜೆ ಮುಗಿಸಿ ಕರೀಬಾರದಿತ್ತಾ? ನನಗಾದರೂ ಹೇಳಬಾರದಿತ್ತಾ? ನಾನಿಲ್ಲಿ ಅವರನ್ನ ಸುಳ್ಳ ಅಂತ ಬರೀತಿದೀನಿ!"

"ಪೂಜೆ ಇರ್ಲಿಲ್ಲ ಕಣವ್ವ" ಎಂದರು. "ಒಳಗೆ ನನ್ ಬಟ್ಟೆ ಇದ್ವು."

ಆಗಲೂ ನನಗೆ ಹೊಳೆಯಲಿಲ್ಲ. ಬಟ್ಟೆ ಇದ್ದರೆ ಏನೀಗ ಎಂದೆ. ಅತ್ತೆ ಒಂದೊಂದೇ ಮಾತು ಹೇಳಿದರು. ರಾತ್ರಿ ಹೊತ್ತು ಒಂದಕ್ಕೆ ತಡೆಯಲು ಆಗುವುದಿಲ್ಲವಂತೆ. ಎದ್ದು ಹೋಗುವಷ್ಟರಲ್ಲಿ ಆಗಿಬಿಡುತ್ತದಂತೆ. ನಾನು ಅಂಗಡಿಗೆ ಹೋದ ಮೇಲೆ ಸೀರೆ, ಲಂಗ, ಹಾಸಿಕೊಳ್ಳುವ ಹಳೆಯ ಪಂಚೆ ಎಲ್ಲ ತಾವೇ ಒಗೆದು, ತಾರಸಿಗೆ ಹಾಕಿದರೆ ದಿನಾ ಯಾಕೆ ಒಗೆಯುತ್ತೀರಿ ಎಂದು ಕೇಳುತ್ತೇನೆಂದು, ಬಚ್ಚಲಲ್ಲೇ ಬಾಗಿಲ ಹಿಂದೆ ಹರವುತ್ತಿದ್ದರಂತೆ. ಗಾಳಿ ಇಲ್ಲದ ಆ ಬಚ್ಚಲಲ್ಲಿ ಒಣಗುತ್ತಿರಲಿಲ್ಲ. ನಾನು ಬರುವ ಹೊತ್ತಿಗೆ ಮಡಿಚಿ ಟ್ರಂಕಿನ ಹಿಂದೆ ಇಡುತ್ತಿದ್ದರು. ಶನಿವಾರ ಗೀಸರು ಹಾಕಲು ಹೋದದ್ದೂ ಬಿಸಿನೀರಲ್ಲಿ ಒಗೆದರೆ ವಾಸನೆ ಹೋಗುತ್ತದೆ ಎಂದು.

"ನೀನು ದಿನಾ ಮೂಗು ಮುಚ್ಕಂಡು ಬಚ್ಚಲ್ ಉಜ್ಜೋಳು. ಏನಂತ ಹೇಳ್ಲಿ ನಿಂಗೆ?"

ನನ್ನ ಕೈಯಲ್ಲಿ ಫೋನು ಇತ್ತು. ಈ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ನಾನು ಹಂದಿಗೂಡು ಎಂದಿದ್ದೆ. ದನಿ ಏರಿಸಿ ಓದಿದ್ದೆ. ಮೂಗಿರೋ ಮನುಷ್ಯರು ಕಾಲಿಡಲ್ಲ ಎಂದಿದ್ದೆ. ಅಷ್ಟಾದ ಮೇಲೂ ಅವರು ಮೊದಲು ತೆಗೆಸಿದ್ದು ಮಠದ ಸಾಲನ್ನು. ನಾಚಿಕೆಯಿಂದ ನನಗೆ ಅಲ್ಲಿ ಕೂರಲು ಆಗಲಿಲ್ಲ, ಏಳಲೂ ಆಗಲಿಲ್ಲ. ತಪ್ಪಾಯಿತು ಅತ್ತೆ ಎಂದೆ. "ನಿಂಗೇನು ಗೊತ್ತಿತ್ತಾ, ಬಿಡು. ಬರಿ ಈಗ" ಎಂದರು.

ಬರೆದೆ. ಕೊನೆಗೆ ಹೋದ ಮೆಸೇಜು ಹೀಗಿತ್ತು: 'ಅಣ್ಣ, ನಿನ್ನೆ ಬಚ್ಚಲ ಸ್ವಿಚ್ ಬೋರ್ಡಿನಲ್ಲಿ ಅತ್ತೆಗೆ ಕರೆಂಟು ಹೊಡೆದು ಬಿದ್ದರು. ಕೈಗೆ ಪೆಟ್ಟಾಗಿದೆ, ಮೂಳೆ ಮುರಿದಿಲ್ಲ. ಟ್ಯಾಂಕಿನ ಪೈಪಿನ ನೀರು ಗೋಡೆಯೊಳಗೆ ಇಳಿದು ಬೋರ್ಡು ಒದ್ದೆಯಾಗಿದೆ. ಫೋಟೋ ಹಾಕಿದ್ದೇನೆ. ನೀವು ಕಳಿಸಿದ ಆಳು ಎರಡು ಸಲ ಬಂದಾಗ ನಾವು ಬಾಗಿಲು ತೆಗೆಯಲಾಗಲಿಲ್ಲ, ಅದು ನಮ್ಮ ಕಡೆಯ ತಪ್ಪು. ಆದರೆ ಇನ್ನು ತಡ ಮಾಡುವ ಹಾಗಿಲ್ಲ, ಜೀವದ ಪ್ರಶ್ನೆ. ಬುಧವಾರದೊಳಗೆ ಪೈಪು ರಿಪೇರಿಯವರನ್ನೂ ಎಲೆಕ್ಟ್ರಿಷಿಯನ್ನನ್ನೂ ಕಳಿಸಿ. ನಾನು ಮನೆಯಲ್ಲಿರುತ್ತೇನೆ. ನಿಮಗೆ ಆಗದಿದ್ದರೆ ಹೇಳಿ, ನಾನೇ ಮಾಡಿಸಿ ಬಿಲ್ಲು ಕೊಡುತ್ತೇನೆ, ಬಾಡಿಗೆಯಲ್ಲಿ ಮುರಿದುಕೊಳ್ಳಲು ನೀವು ಒಪ್ಪಬೇಕು.' ಕೈಮುಗಿದ ಚಿತ್ರ ಹಾಕಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣನ ದನಿ ಬಂತು. "ಅಯ್ಯೋ, ಅಕ್ಕಂಗೆ ಕರೆಂಟ್ ಹೊಡೀತಾ? ನೀರ್ ಸೋರ್ತೈತೆ ಅನ್ನೋದು ಗೊತ್ತಿತ್ತು, ಬೋರ್ಡ್‌ವರ್ಗೂ ಬಂದೈತೆ ಅಂತ ಯಾರ್ ಹೇಳಿದ್ರವ್ವ? ಬಾಡಿಗೇಲಿ ಮುರ್ಕೊಳೋ ಮಾತೆಲ್ಲ ಯಾಕೆ, ನಾಳೆನೇ ಕಳಿಸ್ತೀನಿ." ಬಾಡಿಗೆಯ ಮಾತು ಅವರಿಗೆ ಚುಚ್ಚಿದ್ದು ದನಿಯಲ್ಲೇ ಗೊತ್ತಾಯಿತು. ಚುಚ್ಚಲಿ ಎಂದೇ ಬರೆದಿದ್ದೆ, ಆ ಸಾಲಿಗೆ ನನಗೆ ನಾಚಿಕೆ ಇಲ್ಲ.

ಸೋಮವಾರ ಅಂಗಡಿಗೆ ರಜೆ ಹಾಕಿದೆ. ರಿಪೇರಿಯವರು ಬರುವ ಮುಂಚೆ ಟ್ರಂಕಿನ ಹಿಂದಿದ್ದ ಬಟ್ಟೆಗಳನ್ನು ತೆಗೆದುಕೊಂಡೆ. ಅತ್ತೆ ಬೇಡ ಬೇಡ ಎಂದು ಕಿತ್ತುಕೊಳ್ಳಲು ಬಂದರು, ಒಂದು ಕೈಯಲ್ಲಿ ಆಗಲಿಲ್ಲ. ಒಗೆದು ತಾರಸಿಯ ಹಗ್ಗದ ಮೇಲೆ ನನ್ನ ಸೀರೆಗಳ ಜೊತೆ ಒಣಹಾಕಿದೆ. ಆಳುಗಳು ಪೈಪು ಬದಲಾಯಿಸಿ, ಬೋರ್ಡನ್ನು ನೀರು ಸಿಡಿಯದ ಹಾಗೆ ಬಚ್ಚಲ ಹೊರಗಿನ ಗೋಡೆಗೆ ತಂದು, ಅರ್ತಿಂಗ್ ನೋಡಿ ಹೋದರು. ಆ ವಾರವೇ ಅತ್ತೆಯನ್ನು ಡಾಕ್ಟರಿಗೆ ತೋರಿಸಿದೆ, ಮಾತ್ರೆಯಿಂದ ಈಗ ಎಷ್ಟೋ ವಾಸಿ.

ಗೋಡೆ ಒಣಗಿದೆ, ಹೊಸ ಸುಣ್ಣವೂ ಆಗಿದೆ. ಅಣ್ಣನಿಗೆ ಬರೆದ ಆ ಮೊದಲ ಮೆಸೇಜು ಅವರಿಗೆ ಗೊತ್ತೇ ಇಲ್ಲ. ಅದನ್ನು ಕೇಳಿದವರು ಒಬ್ಬರೇ. ಅತ್ತೆ ಈಗಲೂ ಬೆಳಗ್ಗೆ ಸ್ನಾನ ಮುಗಿಸಿ ಬಚ್ಚಲ ಬಾಗಿಲಲ್ಲಿ ನಿಂತು, ನಾನು ಒಳಗೆ ಹೋಗುವ ಮೊದಲು ಕೇಳುತ್ತಾರೆ. ಕೊಂಕಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳುತ್ತಾರೆ.

"ಈಗ ನಾತ ಬತ್ತೈತೇನವ್ವ?"

"ಇಲ್ಲ ಅತ್ತೆ" ಎನ್ನುತ್ತೇನೆ. ಆದರೂ ಅವರು ನೆಲಕ್ಕೆ ಇನ್ನೊಂದು ಚೊಂಬು ನೀರು ಹುಯ್ದೇ ಹೊರಗೆ ಬರುತ್ತಾರೆ.