ಬೆಲ್ಲ ಇರಬೇಕಾದ ಜಾಗ

ಗಜಾನನನನ್ನು ಬೈಯುವವರು ಮೂಡಲಗಿಯಲ್ಲಿ ಒಬ್ಬರೂ ಇಲ್ಲ. ಅವನನ್ನು ತಿನ್ನುತ್ತಿರುವುದು ಅದೇ. ಅವನು ಕೂಡಿಸಿದ ಯಂತ್ರ ರಾಯವ್ವನ ಬಲಗೈ ಹಿಡಿದು ಎರಡು ಬೆರಳು ತೆಗೆಯಿತು, ಉಳಿದವನ್ನು ಮಡಚಲು ಬಾರದಂತೆ ಮಾಡಿತು. ಆಮೇಲೂ ಜನ ಚಹಾದಂಗಡಿಯಲ್ಲಿ ಅವನ ಬೆನ್ನು ತಟ್ಟಿ, "ನಿಂದೇನ್ ತಪ್ಪೈತೋ, ಆಕೀದ ನಸೀಬ" ಅನ್ನುತ್ತಾರೆ. ಇಂಥ ಸಮಾಧಾನ ಹೇಳುವವರ ಬಾಯಿಗೆ ಯಾರಾದರೂ ಬೆಲ್ಲದ ಅಚ್ಚು ತುರುಕಬೇಕು ಅನ್ನಿಸುತ್ತದೆ ನನಗೆ.

ಗಜಾನನ ಹುಕ್ಕೇರಿಯವನು. ಅಪ್ಪ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ, ಮಗ ಡಿಪ್ಲೊಮಾ ಮುಗಿಸಿ, ನಾನು ಲೆಕ್ಕ ಬರೆಯುವ ವೀರಪ್ಪನವರ ಬೆಲ್ಲದ ಪ್ಯಾಕಿಂಗ್ ಘಟಕಕ್ಕೆ ಬಂದ. ಬಾಡಿಗೆ ಖೋಲಿ, ಅಡುಗೆ ಬಾರದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನ ಪಾಲಿನ ರೊಟ್ಟಿಯನ್ನೂ ತೆಗೆದಿಡುತ್ತಿದ್ದವಳು ಪ್ಯಾಕಿಂಗಿನ ರಾಯವ್ವ. ಅವಳ ರೊಟ್ಟಿ ಹಾಳೆಯಷ್ಟು ತೆಳ್ಳಗೆ. ಬಡಿಯುವ ಸಪ್ಪಳ ಕೇಳಿಯೇ ಓಣಿಯವರಿಗೆ ಬೆಳಗಾಗುತ್ತಿತ್ತು. ಗಂಡ ತೀರಿದ ಮೇಲೆ ಅವಳು ಯಾರ ಮುಂದೂ ಕೈಯೊಡ್ಡಿದವಳಲ್ಲ.

ಬೆಲ್ಟಿನ ಮೇಲೆ ಸಾಲಾಗಿ ಬರುವ ಒಂದೊಂದು ಕಿಲೋದ ಅಚ್ಚುಗಳನ್ನು ಎತ್ತಿ ಡಬ್ಬಿಗೆ ಇಡಲು ವೀರಪ್ಪ ಒಂದು ಯಂತ್ರದ ತೋಳು ತರಿಸಿದರು. ಆ ತೋಳಿಗೆ ಕಣ್ಣಿಲ್ಲ. ಬೆಲ್ಟಿನ ಮೊದಲಲ್ಲಿ ಒಂದು ಸೆನ್ಸರ್, ಅಚ್ಚು ದಾಟಿತು ಎಂದಷ್ಟೇ ಹೇಳುತ್ತದೆ. ಮೊದಮೊದಲು ಗಜಾನನ ಗಡಿಯಾರ ನಂಬಿದ: ಸೆನ್ಸರ್ ದಾಟಿ ಇಷ್ಟು ಹೊತ್ತಾದ ಮೇಲೆ ತೋಳಿನ ತುದಿಯ ಇಕ್ಕಳ ಮುಚ್ಚಲಿ ಎಂದ. ಬೆಲ್ಟಿಗೆ ಭಾರ ಹೆಚ್ಚಾಗಿ ಓಟ ನಿಧಾನವಾದಾಗ ಇಕ್ಕಳ ಗಾಳಿ ಹಿಡಿಯಿತು. ಮೇಸ್ತ್ರಿ ರಾವಸಾಹೇಬ ಬಿದ್ದು ಬಿದ್ದು ನಕ್ಕ.

"ಏನೋ ತಮ್ಮಾ, ನಿನ್ನ ರೋಬೋ ನೊಣಾ ಹಿಡಿಯಾಕತ್ತೇತೇನು?"

ಆಗ ಗಜಾನನ ಬೆಲ್ಟಿಗೆ ತಾಗಿಕೊಂಡು ಉರುಳುವ ಒಂದು ಸಣ್ಣ ಚಕ್ರ ಕೂಡಿಸಿ, ಅದಕ್ಕೆ ಎನ್‌ಕೋಡರ್ ಹಚ್ಚಿದ. ಬೆಲ್ಟು ಸರಿದಷ್ಟೂ ಅದು ಎಣಿಸುತ್ತದೆ, ಬೆಲ್ಟು ನಿಂತರೆ ಎಣಿಕೆಯೂ ನಿಲ್ಲುತ್ತದೆ. ಅಚ್ಚು ಸೆನ್ಸರ್ ದಾಟಿದಾಗಿನ ಎಣಿಕೆ ಗುರುತಿಟ್ಟುಕೊಂಡರೆ ಸಾಕು, ಬೆಲ್ಟು ಜೋರಾಗಿ ಓಡಲಿ, ಮೆಲ್ಲಗೆ ಓಡಲಿ, ಅಚ್ಚು ಈಗ ಎಲ್ಲಿದೆ ಎಂಬುದು ತಿಳಿಯುತ್ತದೆ. ಗಾಳಿಯೊತ್ತಡದ ಇಕ್ಕಳ ಮುಚ್ಚಲು ಚೂರು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅಚ್ಚು ಮುಂದೆ ಸರಿದಿರುತ್ತದೆ. ಅದಕ್ಕಾಗಿ ಅಪ್ಪಣೆಯನ್ನು ಅಷ್ಟು ಮೊದಲೇ ಕೊಡಬೇಕು, ತೋಳು ಬೆಲ್ಟಿನ ಜೊತೆಗೇ ಸಾಗುತ್ತ ಹಿಡಿಯಬೇಕು. ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಂಬಿ ಹಿಡಿಯುತ್ತೇವಲ್ಲ, ಹಾಗೆ. ಚಕ್ರಕ್ಕೆ ಬೆಲ್ಲದ ಜಿಗುಟು ಅಂಟಿದರೆ ಅದು ದಪ್ಪವಾಗಿ ಎಣಿಕೆ ಕಡಿಮೆ ಬಿದ್ದು ತೋಳು ಹಿಂದುಳಿಯುತ್ತದೆಂದು, ಅವನು ದಿನಾ ಮುಂಜಾನೆ ಬಿಸಿನೀರಿನ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದ. ಮಗುವಿನ ಮುಖ ಒರೆಸಿದಂತೆ ಒರೆಸುತ್ತಾನೆ ಎಂದು ರಾಯವ್ವ ಚೇಷ್ಟೆ ಮಾಡುತ್ತಿದ್ದಳು.

ಉಳಿದದ್ದು ಕರೆಂಟಿನ ತಂಟೆ. ನಮ್ಮಲ್ಲಿ ಅದು ಬೀಗರಿದ್ದಂತೆ, ಬರುವುದೂ ಹೋಗುವುದೂ ಅದರ ಮರ್ಜಿ. ಕರೆಂಟು ಹೋದರೆ ಎಣಿಕೆ ಅಳಿಯುತ್ತಿತ್ತು. ತಿರುಗಿ ಬಂದಾಗ ಬೆಲ್ಟಿನ ಮೇಲೆ ಉಳಿದ ಅಚ್ಚುಗಳ ಪರಿವೆಯೇ ತೋಳಿಗೆ ಇರುತ್ತಿರಲಿಲ್ಲ. ಅವು ತುದಿಯವರೆಗೆ ಹೋಗಿ ನೆಲಕ್ಕೆ ಬಿದ್ದು ಒಡೆಯುತ್ತಿದ್ದವು. ರಾಯವ್ವನಿಗೆ ಅದು ಆಗದು. ತಿನ್ನುವ ವಸ್ತು ಕಾಲಡಿ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಕರೆಂಟು ಹೋದದ್ದೇ ತಡ, ಬೆಲ್ಟಿನ ಮೇಲೆ ಬಾಗಿ ಒಂದೊಂದನ್ನೂ ಎತ್ತಿಡುತ್ತಿದ್ದಳು. ಅದಕ್ಕೆ ಅಡ್ಡಿಯಾಗುತ್ತದೆಂದು ಯಂತ್ರದ ಸುತ್ತ ಹಾಕಿದ ಜಾಳಿಗೆಯ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಬಾಗಿಲು ತೆರೆದರೆ ಯಂತ್ರ ನಿಲ್ಲಿಸಬೇಕಾದ ಸ್ವಿಚ್ಚು ಕೆಲಸ ಮಾಡದಂತೆ ರಾವಸಾಹೇಬ ಎಂದೋ ಅದಕ್ಕೆ ತಂತಿ ಕಟ್ಟಿ ಬಿಟ್ಟಿದ್ದ. ಗಜಾನನ ಬಿಚ್ಚೋಣ ಅಂದಾಗಲೆಲ್ಲ ವೀರಪ್ಪ, "ನಾಳಿ ನೋಡೂನು" ಅಂದರು.

ಆ ತಂಟೆಯನ್ನೂ ಗಜಾನನ ಬಗೆಹರಿಸಿದ. ಎನ್‌ಕೋಡರಿಗೂ ನಿಯಂತ್ರಕಕ್ಕೂ ಯುಪಿಎಸ್ ಹಾಕಿದ. ಕರೆಂಟು ಹೋದ ಮೇಲೆ ಬೆಲ್ಟು ಇನ್ನೂ ಗೇಣಷ್ಟು ಸರಿದು ನಿಲ್ಲುತ್ತದೆ, ಆ ಗೇಣೂ ಈಗ ಎಣಿಕೆಗೆ ಸಿಕ್ಕಿತು. ವೀರಪ್ಪನವರ ಒತ್ತಾಯಕ್ಕೆ, ಕರೆಂಟು ಬಂದೊಡನೆ ಗುಂಡಿ ಒತ್ತುವ ಗೋಜಿಲ್ಲದೆ ಎಲ್ಲ ತಾನೇ ಶುರುವಾಗುವಂತೆಯೂ ಮಾಡಿದ. ನಿಂತ ಅಚ್ಚು ಒಂದೂ ತಪ್ಪಲಿಲ್ಲ. ವೀರಪ್ಪ ಎಲ್ಲರಿಗೂ ಕರದಂಟು ಹಂಚಿದರು. ಗಜಾನನ ಅಲ್ಲಿದ್ದವರಿಗೆ, "ಇನ್ಮ್ಯಾಲೆ ಕರೆಂಟ್ ಹೋದ್ರೂ ಬೆಲ್ಟಿಗೆ ಕೈ ಹಚ್ಚಬ್ಯಾಡ್ರಿ, ಅದು ನೆನಪಿಟ್ಟಿರ್ತೈತಿ" ಎಂದ.

ಅಲ್ಲಿ ರಾಯವ್ವ ಇರಲಿಲ್ಲ. ತಂಗಿಯ ಬಾಣಂತನಕ್ಕೆ ಕೌಜಲಗಿಗೆ ಹೋಗಿದ್ದಳು. ಬಂದ ಮೇಲೆ ಅವಳಿಗೆ ಹೇಳಬೇಕಿತ್ತು. ಮೇಸ್ತ್ರಿ ಹೇಳುತ್ತಾನೆಂದು ಗಜಾನನ, ಜೊತೆಯ ಹೆಂಗಸರು ಹೇಳುತ್ತಾರೆಂದು ಮೇಸ್ತ್ರಿ, ಗಜಾನನನೇ ಹೇಳಿರುತ್ತಾನೆ ಎಂದು ಹೆಂಗಸರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ, ನಮ್ಮಲ್ಲಿ ಅದು ಬೆಳೆಯುತ್ತದೆ ಕೂಡ.

ಅವಳು ಕೆಲಸಕ್ಕೆ ಮರಳಿದ ದಿನವೇ, ಗಜಾನನ ಅವಳ ರೊಟ್ಟಿ ಉಂಡೆದ್ದ ಮೇಲೆ, ಕರೆಂಟು ಹೋಯಿತು. ಯಾರೂ ಹೇಳದ್ದರಿಂದ ರಾಯವ್ವ ಎಂದಿನಂತೆ ಸೆರಗು ಸಿಕ್ಕಿಸಿ ಬಾಗಿದಳು. ಮುಂದಿನ ಅಚ್ಚು ತೆಗೆದಳು, ಅದರ ಖಾಲಿ ಜಾಗದ ಮೇಲಿಂದ ಹಿಂದಿನದಕ್ಕೆ ಕೈ ಚಾಚಿದಳು. ಕರೆಂಟು ಬಂತು. ಬೆಲ್ಟು ಸರಿಯಿತು, ತೋಳು ತನ್ನ ಎಣಿಕೆಯ ಜಾಗಕ್ಕೆ ಬಂದು ಇಕ್ಕಳ ಮುಚ್ಚಿತು, ಎತ್ತಿತು, ಡಬ್ಬಿಯ ಕಡೆ ತಿರುಗಿತು. ಗಜಾನನ ಓಡಿ ಹೋಗಿ ಕೆಂಪು ಗುಂಡಿ ಹೊಡೆಯುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಪರೀಕ್ಷಿಸಲು ಬಂದ, ತೋಳು ಮಾರಿದ ಕಂಪನಿಯವರು, ತೋಳು ಹೋಗಬೇಕಾದ ಜಾಗಕ್ಕೇ ಹೋಗಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದರು. ವೀರಪ್ಪನವರ ಮುಖ ಅರಳಿತು. ಗಜಾನನ ಮಾತ್ರ ಗೋಡೆಗೆ ಒರಗಿ ಕುಳಿತು, ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅತ್ತ. ತಪ್ಪಿತ್ತು ಅಂದಿದ್ದರೆ ಹಗುರಾಗುತ್ತಿತ್ತೇನೋ.

ಗೋಕಾಕದ ದವಾಖಾನೆಗೆ ಅವನು ಹೋಗುವಾಗ ನಾನೂ ಜೊತೆಗಿದ್ದೆ. ರಾಯವ್ವನ ಕೈ ಬಟ್ಟೆಯ ಗಂಟಾಗಿತ್ತು. ತಂಗಿ ಗೌರಕ್ಕ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಕ್ಕನಿಗೆ ಅನ್ನ ತಿನ್ನಿಸುತ್ತಿದ್ದಳು. ಗಜಾನನ ಮಂಚದ ಕಾಲು ಹಿಡಿದು ನಿಂತ.

"ಕುಂಡ್ರೋ. ಉಂಡಿಯೇನು?" ಎಂದಳು ರಾಯವ್ವ.

ಅವನು ಮಂಚದ ಪಕ್ಕ ನೆಲದ ಮೇಲೆ ಕುಳಿತ.

"ಒಂದ್ ಮಾತು ಕೇಳ್ತೀನಿ ತಮ್ಮಾ, ಸಿಟ್ಟಾಗಬ್ಯಾಡ. ನನ್ನ ಕೈ ಬೆಲ್ಲ ಅಂತ ಅದಕ್ಕ ಹೆಂಗ ಅನಿಸಿತು?"

"ಅದಕ್ಕ ಏನೂ ಕಾಣಾಂಗಿಲ್ಲಕ್ಕಾ. ಬೆಲ್ಲ ಎಲ್ಲಿರಬೇಕು, ಯಾವಾಗಿರಬೇಕು ಅಷ್ಟ ಗೊತ್ತು. ಬೆಲ್ಟ್ ಎಷ್ಟು ಸರೀತು, ನಿಲ್ಲೂಮುಂದ ಎಷ್ಟು ಜಾರಿತು, ಎಲ್ಲಾ ಅದಕ್ಕ ಹೇಳಿಟ್ಟಿದ್ದೆ. ನೀ ಅಚ್ಚು ತಗದಿದ್ದು ಅದಕ್ಕ ಗೊತ್ತಿಲ್ಲ."

ರಾಯವ್ವ ತಂಗಿಯ ಕೈಯ ತುತ್ತನ್ನು ಪಕ್ಕಕ್ಕೆ ಸರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅದಕ್ಕ ಇಷ್ಟೆಲ್ಲಾ ಹೇಳಿಟ್ಟಿದ್ದಿ. ದಿನಾ ಬಾಜೂಕ ಕುಂತು ರೊಟ್ಟಿ ತಿಂತಿದ್ದಿ. ನನಗ ಒಂದ್ ಮಾತು ಹೇಳಾಕ ಆಗಲಿಲ್ಲೇನೋ?"