ನಾಲ್ಕನೆಯ ಸ್ಲೈಡು

ಶಹಾಬಾದಿನಲ್ಲಿ ಅಣ್ಣನಿಗೆ ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆಯಿತ್ತು. ಅದರ ಹೆಸರಿನಲ್ಲಿ ಮೊಬೈಲಿನಲ್ಲಿ ಒಂದು ಪೇಜ್ ತೆರೆದು ನಾನೇ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಪರಶಿಯ, ಅಂದರೆ ನಮ್ಮ ಕಡೆಯ ಹಾಸುಗಲ್ಲಿನ, ನೆಲವನ್ನು ಹೇಗೆ ಸ್ವಚ್ಛವಾಗಿಡಬೇಕೆಂದು ಒಂದು ಕ್ಯಾರೊಸೆಲ್ ಹಾಕಿದೆವು. ಬೆರಳಿನಿಂದ ಸರಿಸುತ್ತ ಒಂದೊಂದೇ ಚಿತ್ರ ನೋಡುವಂಥದ್ದು. ಅಣ್ಣ ಹೇಳಿದ, ನಾನು ಬರೆದೆ. ನಾಲ್ಕನೆಯ ಸ್ಲೈಡಿನಲ್ಲಿ, ಸಿಮೆಂಟಿನ ಕಲೆಗೆ ತುಸು ಆ್ಯಸಿಡ್ ಹಾಕಿ ತಿಕ್ಕಬೇಕು ಎಂದಿತ್ತು.

ಅದುವರೆಗೆ ನಮ್ಮ ಯಾವ ಪೋಸ್ಟನ್ನೂ ಅಷ್ಟು ಜನ ನೋಡಿರಲಿಲ್ಲ. ಅಷ್ಟರಲ್ಲಿ ಸೇಡಂನ ಒಬ್ಬ ಹೆಂಗಸಿನ ಕಾಮೆಂಟ್ ಬಂತು: ‘ನಿಮ್ಮ ಮಾತು ಕೇಳಿ ಪಡಸಾಲಿ ಹಾಳ್ ಮಾಡ್ಕೊಂಡೀನಿ. ಎಲ್ಲಾ ಕಡಿ ಬೆಳ್ಳಗ ಆಗೇದ. ಮೋಸಗಾರರು ನೀವು.’ ಕೆಳಗೆ ಬೇರೆಯವರೂ ಬೈಯತೊಡಗಿದರು.

‘ಏ, ಡಿಲೀಟ್ ಮಾಡು. ಆಕೀನ ಬ್ಲಾಕ್ ಮಾಡು’ ಎಂದ ಅಣ್ಣ.

‘ಮೊದಲ ಖರೇನೋ ಸುಳ್ಳೋ ನೋಡೂಣು.’

ಅಂಗಳದಲ್ಲಿದ್ದ ಒಡೆದ ಪರಶಿಯ ಮೇಲೆ ನಾಲ್ಕು ಹನಿ ಆ್ಯಸಿಡ್ ಬಿಟ್ಟೆವು. ಬುಸ್ಸೆಂದು ನೊರೆ ಬಂತು. ತೊಳೆದಾಗ ಹೊಳಪೆಲ್ಲ ಹೋಗಿ ಬಿಳಿಯ ಮಚ್ಚೆ ಉಳಿದಿತ್ತು. ನಮ್ಮದು ಸುಣ್ಣದ ಕಲ್ಲು; ಅದನ್ನು ಆ್ಯಸಿಡ್ ತಿನ್ನುತ್ತದೆ. ಅಣ್ಣ ಬಗ್ಗಿ ಮಚ್ಚೆಯನ್ನು ಬೆರಳಿನಿಂದ ಉಜ್ಜಿ ನೋಡಿದ.

ಬೈದವರಿಗೆ ಎದುರು ಬೈಯದೆ, ಎಲ್ಲರಿಗೂ ಕಾಣುವಂತೆ ಉತ್ತರ ಬರೆದೆ: ‘ನೀವು ಹೇಳಿದ್ದು ಸರಿ. ತಪ್ಪು ನಮ್ಮದು. ಈ ಕಲ್ಲಿಗೆ ಆ್ಯಸಿಡ್ ಹಾಕಬಾರದು. ನಿಮ್ಮ ನೆಲವನ್ನು ನಾವೇ ಬಂದು ಪಾಲಿಶ್ ಮಾಡಿಕೊಡುತ್ತೇವೆ.’ ಅವರ ಕಾಮೆಂಟನ್ನೇ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದೆ. ಹಾಕಿದ ಚಿತ್ರವನ್ನು ಅಲ್ಲೇ ಬದಲಿಸಲು ಬಾರದ್ದರಿಂದ ನಾಲ್ಕನೆಯ ಸ್ಲೈಡನ್ನು ತೆಗೆದು, ಚಿತ್ರದ ಕೆಳಗಿನ ಬರಹದ ಮೊದಲ ಸಾಲಿನಲ್ಲೇ ತಿದ್ದುಪಡಿ ಸೇರಿಸಿದೆ. ನೀರು, ಮೆದು ಸಾಬೂನು ಮಾತ್ರ ಬಳಸಬೇಕೆಂದು ತಿದ್ದಿ, ಹೊಸ ಕ್ಯಾರೊಸೆಲ್ಲನ್ನೂ ಹಾಕಿದೆ.

ಅದನ್ನು ಬೆರಳೆಣಿಕೆಯ ಜನ ನೋಡಿದರು. ಯಾರೋ ಉಳಿಸಿಕೊಂಡಿದ್ದ ಹಳೆಯ ಸ್ಲೈಡಿನ ಫೋಟೊ ಮಾತ್ರ ಚಿತ್ತಾಪುರ, ವಾಡಿಯ ಮನೆ ಕಟ್ಟುವ ಗೌಂಡಿಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಲೇ ಇತ್ತು. ನಾನು ತೆಗೆದದ್ದು ನಮ್ಮ ಪೇಜಿನಿಂದಷ್ಟೇ.

ಸೇಡಂನ ಆ ಹೆಂಗಸಿನ ನಂಬರು ಪಡೆದು ಫೋನ್ ಮಾಡಿದೆ.

‘ಬ್ಯಾಡ್ರಿ, ಬರಬ್ಯಾಡ್ರಿ. ನೀವು ಸಮಾಧಾನದಿಂದ ಮಾತಾಡ್ತೀರಿ, ಚಲೋ ಅದ. ಆದ್ರ ನಿಮ್ಮ ಕೈಯಾಗ ಮತ್ತ ನೆಲ ಕೊಡಾಂಗಿಲ್ಲ’ ಎಂದು ಇಟ್ಟುಬಿಟ್ಟರು.

ಬೇರೆ ಕಾರ್ಖಾನೆಯವನೊಬ್ಬ ನನ್ನ ಉತ್ತರದ ಫೋಟೊ ತೆಗೆದು, ‘ಇವ್ರಿಗೆ ತಮ್ಮ ಕಲ್ಲೇ ಗೊತ್ತಿಲ್ಲ’ ಎಂದು ಬರೆದು ಹಂಚಿದ. ಚಿಂಚೋಳಿಯಿಂದ ಬರಬೇಕಿದ್ದ ಆರ್ಡರ್ ಅವನ ಪಾಲಾಯಿತು.

‘ಸುಮ್ನ ಇದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ನೋಡು’ ಎಂದ ಅಣ್ಣ. ಸಿಟ್ಟಿರಲಿಲ್ಲ, ದಣಿದಿದ್ದ.

‘ಮತ್ತೊಬ್ರ ಪಡಸಾಲಿ ಹಾಳಾಗ್ತಿತ್ತು.’

‘ಈಗೇನು ಆಗಾಂಗಿಲ್ಲೇನು?’

ಮರುವಾರ ವಾಡಿಯಿಂದ ಇನ್ನೊಬ್ಬರು ಬಿಳಿಚಿದ ನೆಲದ ಚಿತ್ರ ಕಳಿಸಿದರು. ಕೂತು, ಮತ್ತೆ ಅದೇ ಸಮಾಧಾನದ ಉತ್ತರ ಬರೆದೆ. ಅವರು ಓದಿದ ಗುರುತಷ್ಟೇ ಬಂತು.