ಮಾಡದ ತಿದ್ದುಪಡಿಗೆ ಬಂದ ಕೂಲಿ

ಬ್ಯಾಂಕಿನ ಮೆಸೇಜು ಬಂದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಐವತ್ತೆಂಟು ಸಾವಿರದ ಐನೂರು ಜಮಾ ಆಗಿದೆ ಅಂತಿತ್ತು. ಬರಬೇಕಾಗಿದ್ದದ್ದು ಐವತ್ನಾಲ್ಕು ಸಾವಿರ. ಅನುವಾದ ಮಾಡಿ ಹೊಟ್ಟೆ ಹೊರೆಯುವವಳಿಗೆ ಕಡಿಮೆ ಬರುವುದು ಹೊಸದಲ್ಲ. ಫೋನಿನಲ್ಲಿ ಜಗಳ ಕಾದು ವಸೂಲು ಮಾಡಿ ಅಭ್ಯಾಸವಿದೆ. ಜಾಸ್ತಿ ಬಂದದ್ದು ಅದೇ ಮೊದಲು. ಒಲೆ ಆರಿಸಿಬಿಟ್ಟೆ.

ಕೆಲಸ ಇಂಥದ್ದು: ಸೋಲಾರ್ ಕಂಪನಿಯೊಂದು ನಮ್ಮ ಕಡೆ ಜಮೀನು ಗುತ್ತಿಗೆಗೆ ತೆಗೆದುಕೊಳ್ಳುತ್ತಿತ್ತು. ಅದರ ಕರಾರು, ಅರ್ಜಿ, ತಿಳಿವಳಿಕೆಯ ಪುಸ್ತಿಕೆ ಎಲ್ಲ ಸೇರಿ ಇಂಗ್ಲಿಷಿನ ಮೂವತ್ತು ಸಾವಿರ ಪದ. ಪದಕ್ಕೆ ಎರಡು ರೂಪಾಯಿ. ಎಣಿಕೆ ಇಂಗ್ಲಿಷಿನದ್ದೇ ಆಗಬೇಕು ಅಂತ ನಾನು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದೆ. ಇಂಗ್ಲಿಷಿನವರು ನಾಲ್ಕು ಪದದಲ್ಲಿ ಹೇಳುವುದನ್ನು ಕನ್ನಡ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ, ಕನ್ನಡದ ಲೆಕ್ಕ ಹಿಡಿದರೆ ನಮಗೆ ಚಿಪ್ಪೇ ಗತಿ. ಎರಡು ಸಲ ತಿದ್ದುವುದು ಪುಕ್ಕಟೆ, ಮೂರನೆಯದಕ್ಕೆ ಬೇರೆ ದುಡ್ಡು. ಒಟ್ಟು ಅರವತ್ತು ಸಾವಿರ, ಅದರಲ್ಲಿ ಹತ್ತು ಪರ್ಸೆಂಟ್ ಟಿಡಿಎಸ್ ಅಂತ ತೆರಿಗೆ ಮುರಿದುಕೊಂಡು ಕೊಡುತ್ತಾರೆ. ಕೆಲಸ ತಂದುಕೊಟ್ಟಿದ್ದವನು ಗುಂಡ್ಲುಪೇಟೆಯಲ್ಲಿ ಏಜೆನ್ಸಿ ಇಟ್ಟುಕೊಂಡಿದ್ದ ಒಬ್ಬ ಯುವಕ. ಮಾತು ಬೆಣ್ಣೆ.

ಹರವೆಯಲ್ಲಿರುವ ನನ್ನ ಚಿಕ್ಕವ್ವನ ಮೂರು ಎಕರೆಯೂ ಆ ಗುತ್ತಿಗೆಯ ಪಟ್ಟಿಯಲ್ಲಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅರಿಶಿನ, ಸಣ್ಣ ಈರುಳ್ಳಿ ಅಂತ ಒಬ್ಬಳೇ ಬೆಳೆದು ಗಟ್ಟಿಯಾಗಿ ಬದುಕಿದವಳು. ವಯಸ್ಸಾಯಿತು, ಕೆಲಕಾಲ ಗುತ್ತಿಗೆ ದುಡ್ಡು ಬರಲಿ, ಆಮೇಲೆ ನನ್ನ ಮೊಮ್ಮಗಳು ಉಳುತ್ತಾಳೋ ಬಿಡುತ್ತಾಳೋ ಅವಳೇ ನೋಡಿಕೊಳ್ಳಲಿ ಅನ್ನುವುದು ಅವಳ ಲೆಕ್ಕ. ಕರಾರಿನ ಹನ್ನೊಂದನೆಯ ಕಲಮು ಅದನ್ನೇ ಕಾಯುತ್ತಿತ್ತು. ಅವಧಿ ಮುಗಿದ ಮೇಲೆ "ಮಾಲೀಕರ ಒಪ್ಪಿಗೆ ಪಡೆದು" ಮಾತ್ರ ಗುತ್ತಿಗೆ ಮುಂದುವರಿಸಬೇಕು. ಇಂಗ್ಲಿಷಿನಲ್ಲಿ ಇದ್ದದ್ದೂ ಅದೇ, ನಾನು ಬರೆದದ್ದೂ ಅದೇ. ಇದು ಮೂಲಕ್ಕೆ ನಿಷ್ಠವಾದ ಅನುವಾದ ಅಂತ ಕೆಳಗೆ ನನ್ನ ಹೆಸರು, ಸಹಿ ಹಾಕಿ ಕಳಿಸಿದ್ದೆ. ಚಿಕ್ಕವ್ವನಿಗೂ ಹೇಳಿದ್ದೆ: "ನಾನು ಓದೋಗಂಟ ಯಾವ ಕಾಗದಕ್ಕೂ ಸೈನ್ ಹಾಕ್ಬೇಡ ಕಣವ್ವ."

ಆಮೇಲೆ ಯುವಕ ಫೋನ್ ಮಾಡಿದ. "ಮೇಡಂ, ಹನ್ನೊಂದ್ರಲ್ಲಿ ಒಂದೇ ಒಂದು ಪದ. 'ಒಪ್ಪಿಗೆ ಪಡೆದು' ಅಂತ ಬ್ಯಾಡ, 'ತಿಳುವಳಿಕೆ ನೀಡಿ' ಅಂತ ಮಾಡ್ಕೊಡಿ. ರಿವಿಷನ್ ಚಾರ್ಜ್ ಹಾಕ್ಕಳಿ, ಐದು ಸಾವಿರ."

ಒಂದು ಪದಕ್ಕೆ ಐದು ಸಾವಿರ! "ಇಂಗ್ಲಿಷು ಬದಲಾಗಿದೆಯೇನಪ್ಪ? ಹೊಸ ಪ್ರತಿ ಕಳಿಸು" ಅಂದೆ.

"ಇಂಗ್ಲಿಷ್ ಹೆಡ್ ಆಫೀಸ್ಗೆ ಮೇಡಂ, ಅದು ಅಂಗೇ ಇರ್ಲಿ. ಸೈನ್ ಆಗೋದು ಕನ್ನಡದ್ದು."

ಮೈಯೆಲ್ಲ ಉರಿದುಹೋಯಿತು. ಒಪ್ಪಿಗೆ ಕೇಳುವುದಕ್ಕೂ, ಮುಂದುವರಿಸಿದ್ದೇವೆ ಅಂತ ಚೀಟಿ ಕಳಿಸುವುದಕ್ಕೂ ವ್ಯತ್ಯಾಸ ಗೊತ್ತಿಲ್ಲವೇನೋ ನಿನಗೆ ಅಂತ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ನಕ್ಕು "ಆಯ್ತು ಬುಡಿ ಮೇಡಂ" ಅಂದ. ತಿದ್ದುಪಡಿಯ ಸಾಲಿಲ್ಲದ ಇನ್ವಾಯ್ಸನ್ನು ಅವತ್ತೇ ಕಳಿಸಿದೆ. ಮುಗಿಯಿತು ಅಂದುಕೊಂಡೆ.

ಈಗ ಒಲೆ ಆರಿಸಿ ಕಾಗದದ ಮೇಲೆ ಹಿಂದುಮುಂದಾಗಿ ಲೆಕ್ಕ ಹಾಕಿದೆ. ಹತ್ತು ಪರ್ಸೆಂಟ್ ಮುರಿದು ಐವತ್ತೆಂಟೂವರೆ ಉಳಿಯಬೇಕಾದರೆ ಬಿಲ್ಲು ಅರವತ್ತೈದು ಸಾವಿರದ್ದಾಗಿರಬೇಕು. ನಾನು ಮಾಡದ ಆ ಐದು ಸಾವಿರದ ಕೆಲಸಕ್ಕೂ ತೆರಿಗೆ ಮುರಿದು ಕೂಲಿ ಕಳಿಸಿದ್ದರು.

ಚಿಕ್ಕವ್ವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವಳು ಫೋನನ್ನು ಮನೆಯ ಗೂಡಿನಲ್ಲಿಟ್ಟು ಹೊಲಕ್ಕೆ ಹೋಗುವವಳು. ನಮ್ಮೂರು ಚಾಮರಾಜನಗರದಲ್ಲೇ ನನ್ನ ತೆರಿಗೆ ರಿಟರ್ನ್ಸ್ ತುಂಬಿಕೊಡುವ ಲೆಕ್ಕಿಗರ ಹತ್ತಿರ ಓಡಿದೆ. ಅವರು ಕನ್ನಡಕ ಹಣೆಗೇರಿಸಿಕೊಂಡು ಕೇಳಿ, "ಈ ಮೂರು ತಿಂಗಳ ಟಿಡಿಎಸ್ ಸ್ಟೇಟ್‌ಮೆಂಟ್ ಅವರು ಹಾಕಿದ ಮೇಲೆ ನಿಮ್ಮ ಪ್ಯಾನ್ ನಂಬರಿನ ಕೆಳಗೆ ಅರವತ್ತೈದು ಅಂತಲೇ ಕಾಣುತ್ತೆ, ಆರೂವರೆ ಸಾವಿರ ತೆರಿಗೆ ಅಂತ" ಅಂದರು.

"ನಾನು ಆ ಕೆಲಸ ಮಾಡಿಯೇ ಇಲ್ಲವಲ್ಲ ಸಾರ್!"

"ದುಡ್ಡು ಬ್ಯಾಂಕಿನಿಂದಲೇ ವಾಪಸ್ ಕಳಿಸಿ, ಯಾಕೆ ಅಂತ ಬರೆದು ತಿಳಿಸಿ, ಸ್ಟೇಟ್‌ಮೆಂಟ್ ಸರಿಮಾಡಿ ಅಂತ ಕೇಳಿ. ಅವರು ಸರಿಮಾಡೋವರೆಗೂ ಕಾಗದದ ಮೇಲೆ ಅದು ನಿಮ್ಮ ದುಡಿಮೆಯೇ." ಅವರು ದನಿ ತಗ್ಗಿಸಿ, "ನಾನಾಗಿದ್ದರೆ ದುಡ್ಡಿನ ವಿಷಯ ಆಮೇಲೆ ನೋಡ್ತಿದ್ದೆ, ಮೊದಲು ಆ ಕರಾರು ಎಲ್ಲಿದೆ ಅಂತ ಹುಡುಕ್ತಿದ್ದೆ" ಅಂದರು. ಕೂತಿದ್ದ ಕುರ್ಚಿಯಿಂದ ಹಾಗೇ ಎದ್ದು ಬಸ್ ಸ್ಟ್ಯಾಂಡಿಗೆ ಹೋದೆ.

ಗುಂಡ್ಲುಪೇಟೆಯ ಆಫೀಸಿನಲ್ಲಿ ಯುವಕ ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. "ಬನ್ನಿ ಮೇಡಂ, ಕೂತ್ಕಳಿ" ಅಂತ ಫ್ಯಾನು ನನ್ನ ಕಡೆ ತಿರುಗಿಸಿದ. ಫೈಲು ತೆಗೆದು ತಾನಾಗಿಯೇ ತೋರಿಸಿದ. ನನ್ನದೇ ಇನ್ವಾಯ್ಸು, ನನ್ನದೇ ವಿಳಾಸ, ನನ್ನದೇ ಸಹಿ. ಕೆಳಗೆ ಒಂದು ಸಾಲು ಹೊಸದು: ಕಲಮು ಹನ್ನೊಂದು, ತಿದ್ದುಪಡಿ ಶುಲ್ಕ, ಐದು ಸಾವಿರ.

"ಯಾರನ್ನ ಕೇಳಿ ಹಾಕಿದೆ ಇದನ್ನ?"

"ಆಡಿಟ್ಟಿಗೆ ಬೇಕಲ್ಲ ಮೇಡಂ. ತಿದ್ದಿದೋರು ಯಾರು ಅಂತ ಕೇಳ್ತಾರೆ. ನಾವೇ ಒಂದು ಪದ ಬದ್ಲಾಯಿಸ್ಕಂಡ್ವಿ, ದುಡ್ಡು ಮಾತ್ರ ನಿಮ್ಗೇ ಕೊಟ್ಟಿದೀವಿ. ಟಿಡಿಎಸ್ಸೂ ಕಟ್ಟಾಯ್ತು."

"ಥೂ ನಿನ್ನ! ಪೊಲೀಸಿಗೆ ಹೋಗ್ತೀನಿ."

"ಓಗಿ ಮೇಡಂ" ಅಂದ, ಮೊದಲಿನಷ್ಟೇ ಮೆತ್ತಗೆ. "ನಿಮ್ ಅಕೌಂಟಿಗೇ ಬಂದೈತಲ್ಲ ದುಡ್ಡು. ಬಿಸಿಲಲ್ಲಿ ಬಂದಿದ್ದೀರಿ, ಟೀ ತರ್ಸ್ಲಾ?"

ಕರಾರುಗಳೆಲ್ಲಿ ಅಂತ ಕೇಳಿದೆ. ಹರವೆ ಕಡೆಯವು ಮೊನ್ನೆಯೇ ಚಾಮರಾಜನಗರದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆದವು ಅಂದ. ನನ್ನ ಮನೆಯಿಂದ ಆ ಆಫೀಸಿಗೆ ನಡೆದು ಹೋಗಬಹುದು. ಮೊನ್ನೆ ನಾನು ಮನೆಯಲ್ಲೇ ಇದ್ದೆ.

ಚಾಮರಾಜನಗರದ ಬಸ್ಸು ಹತ್ತಿ ಹರವೆಯಲ್ಲಿ ಇಳಿದೆ. ಚಿಕ್ಕವ್ವ ಬಾಗಿಲಲ್ಲಿ ಕೂತು ಬೇಯಿಸಿದ ಅರಿಶಿನದ ಬೇರು ಬಿಡಿಸುತ್ತಿದ್ದಳು. ಮುಖ ಅರಳಿತು. "ಬಾರಮ್ಮಿ! ಯೋಳ್ದೆ ಕೇಳ್ದೆ ಬಂದ್ಬುಟ್ಟಿದ್ದಿಯೆ?"

"ಸೈನ್ ಹಾಕಿದ್ಯಾ ಚಿಕ್ಕವ್ವ?"

"ಊಂ ಕಣಮ್ಮಿ. ಕಾರಲ್ಲಿ ಕರ್ಕೊಂಡೋಗಿ ಕರ್ಕೊಂಡ್ ಬಂದ್ರು."

"ನಾನು ಓದೋಗಂಟ ಹಾಕ್ಬೇಡ ಅಂದಿರ್ಲಿಲ್ವಾ!" ಕಿರುಚಿಯೇಬಿಟ್ಟೆ. ಪಕ್ಕದ ಮನೆಯವರು ಇಣುಕಿದರು.

ಅವಳು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಪ್ರತಿ ತೆಗೆದು ತಂದಳು. ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಕೂಡಿಸಿ ಓದುತ್ತಾಳೆ. ಕೊನೆಯ ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಬೆರಳಿಟ್ಟಳು. "ಇಲ್ಲೈತಲ್ಲಮ್ಮಿ ನಿನ್ನೆಸ್ರು. ನೀನು ಓದಿದ್ದೀಯ ಅಂತ ತಾನೆ ಅರ್ಥ? ಬೀದಿಯೋರೆಲ್ಲ ಅನ್ಮಾನ ಪಟ್ಕೊಂಡು ನಿಂತಿದ್ರು. ನಮ್ಮಕ್ಕನ ಮಗ್ಳೇ ಬರ್ದಿರೋದು, ಸೈನ್ ಆಕ್ರಿ ಅಂದೆ. ಎಲ್ರೂ ಆಕುದ್ರು."

ಹನ್ನೊಂದನೆಯ ಕಲಮನ್ನು ಓದಿ ಹೇಳಿದೆ. ಅವಧಿ ಮುಗಿದರೂ ಅವರು ನಮ್ಮನ್ನು ಕೇಳುವ ಹಾಗಿಲ್ಲ, ತಿಳಿಸಿದರೆ ಸಾಕು, ಜಮೀನು ಅವರ ಕೈಯಲ್ಲೇ ಇರುತ್ತದೆ ಅಂತ ಬಿಡಿಸಿ ಹೇಳಿದೆ. ಇದನ್ನು ನಾನು ಬರೆಯಲಿಲ್ಲ ಅಂತಲೂ ಹೇಳಿದೆ, ಆಣೆ ಇಟ್ಟೆ. ಅವಳು ಹಾಳೆಗಳನ್ನು ಜೋಡಿಸಿ ನನ್ನ ಮಡಿಲಲ್ಲಿಟ್ಟಳು. ನನ್ನ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ.

"ನೀನು ತಾನೇ ಬರ್ದಿರೋದು" ಅಂದಳು. "ಆ ಒಂದ್ ಪದ ಅಳಿಸ್ಬುಡಮ್ಮಿ."